ರಾತ್ರಿ 10:21ರ ನಂತರದ ಹಣ

ಬ್ಯಾಂಕಿನಲ್ಲಿದ್ದಷ್ಟು ವರ್ಷ ಗ್ರಾಹಕರ ದೂರಿನ ಕಾಗದಗಳನ್ನು ಓದುವುದು ನನ್ನ ಕೆಲಸವಾಗಿತ್ತು. ನಿವೃತ್ತನಾಗಿ ಕಾಂದಿವಲಿಯಲ್ಲಿ ಕೂತ ಮೇಲೆ ಅವನ್ನೇ ಬೇರೆಯವರಿಗಾಗಿ ಬರೆದುಕೊಡುತ್ತಿದ್ದೇನೆ. ನಮ್ಮೂರಿನ ಕಡೆಯ ಹೋಟೆಲಿನವರು, ಸೊಸೈಟಿಯ ಅಜ್ಜಿಯರು, ಕಾಲೇಜು ಹುಡುಗರು, ಹೀಗೆ ಯಾರಾದರೂ ಬರುತ್ತಾರೆ. ಅವರು ತಾವೇ ಬರೆದು ತಂದ ಕಾಗದದಲ್ಲಿ ಸಂಕಟ ಧಾರಾಳವಾಗಿರುತ್ತದೆ, ಹೊತ್ತು ಮಾತ್ರ ಇರುವುದಿಲ್ಲ. ‘ನನ್ನ ಖಾತೆ ಹ್ಯಾಕ್ ಆಗಿದೆ, ಮಗಳ ಫೀಸಿನ ಹಣ, ದಯವಿಟ್ಟು ಕೊಡಿಸಿ’ ಎಂದಿರುತ್ತದೆ. ಓದಿದ ಮ್ಯಾನೇಜರಿಗೆ ಪಾಪ ಅನ್ನಿಸಬಹುದು, ಆದರೆ ಆ ಕಾಗದ ಹಿಡಿದು ಆತ ಮಾಡುವಂಥದ್ದು ಏನೂ ಇರುವುದಿಲ್ಲ. ಯಾವ ಹಣ ಎಷ್ಟು ಹೊತ್ತಿಗೆ ಹೋಯಿತು, ಬ್ಯಾಂಕಿಗೆ ಎಷ್ಟು ಹೊತ್ತಿಗೆ ಗೊತ್ತಾಯಿತು ಎಂಬುದರ ಮೇಲೆಯೇ ಹಣ ಯಾರ ತಲೆಗೆ ಬೀಳುತ್ತದೆಂಬುದು ನಿಂತಿದೆ.

2024ರ ಜುಲೈ 12, ಶುಕ್ರವಾರ. ಅಂಧೇರಿಯಲ್ಲಿ ಸಣ್ಣ ಕ್ಯಾಂಟೀನು ನಡೆಸುವ ನಮ್ಮ ಕಡೆಯವನೊಬ್ಬನ ವಾಟ್ಸಾಪಿಗೆ ಸಂದೇಶ ಬಂತು: ಪೈಪ್ ಗ್ಯಾಸಿನ ಬಿಲ್ಲು ಬಾಕಿ ಇದೆ, ಇಂದು ರಾತ್ರಿ ಸಂಪರ್ಕ ಕಡಿತ. ಮುಂಬೈಯಲ್ಲಿ ಈ ಬಗೆಯ ಸಂದೇಶ ಹೊಸದಲ್ಲ. 2022ರಲ್ಲಿ ‘ಇಂದು ರಾತ್ರಿ ಕರೆಂಟ್ ಕಟ್’ ಎಂದು ಬರುತ್ತಿತ್ತು. 2023ರ ಮಾರ್ಚಿನ ಹೊತ್ತಿಗೆ ಪ್ಯಾನ್, ಕೆವೈಸಿ ಎಂಬ ನೆಪದ ಲಿಂಕಿಗೆ ಸಿಕ್ಕಿ ಒಂದೇ ಖಾಸಗಿ ಬ್ಯಾಂಕಿನ ನಲವತ್ತರಷ್ಟು ಗ್ರಾಹಕರು ಮೂರೇ ದಿನದಲ್ಲಿ ಲಕ್ಷಾಂತರ ರೂಪಾಯಿ ಕಳೆದುಕೊಂಡದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಕ್ಯಾಂಟೀನಿನವನಿಗೆ ಒಲೆ ಆರಿದರೆ ಬೆಳಗಿನ ಇಡ್ಲಿ ಇಲ್ಲ. ಲಿಂಕ್ ಒತ್ತಿದ, ಒಂದು ಆ್ಯಪ್ ಇಳಿಯಿತು. ಅದು ಎಸ್‌ಎಂಎಸ್ ಓದಲು ಅನುಮತಿ ಕೇಳಿತು, ಕೊಟ್ಟ. ‘ಖಾತ್ರಿಗಾಗಿ 12 ರೂಪಾಯಿ ಕಟ್ಟಿ’ ಎಂದಿತು. ಡೆಬಿಟ್ ಕಾರ್ಡಿನ ನಂಬರು, ಅವಧಿ, ಹಿಂದಿನ ಮೂರಂಕಿಯ ಸಿವಿವಿ ಎಲ್ಲ ತುಂಬಿದ. ಒಟಿಪಿಯನ್ನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಬಂದ ಒಟಿಪಿಗಳನ್ನೆಲ್ಲ ಆ ಆ್ಯಪ್ಪೇ ಓದಿ ಅತ್ತ ಕಳಿಸುತ್ತಿತ್ತು.

ರಾತ್ರಿಯೇ ಫೋನ್ ಮಾಡಿದ. “ಮಾಮ, ಹಣ ಹೋಗ್ತಾ ಉಂಟು” ಎಂದ. “ನನಗಲ್ಲ, ಮೊದಲು ಬ್ಯಾಂಕಿಗೆ ಮಾಡು, ಆಮೇಲೆ 1930ಕ್ಕೆ ಮಾಡು. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕು, ಬೇರೆಯವರ ಫೋನಿನಿಂದ ಮಾಡು” ಎಂದೆ. ಏರೋಪ್ಲೇನ್ ಮೋಡ್ ಹಾಕಿದರೆ ಆ ಮೊಬೈಲಿಗೆ ಬರುವ ಒಟಿಪಿ ಅಲ್ಲಿಗೇ ನಿಲ್ಲುತ್ತದೆ. ಗಾಬರಿಯಲ್ಲಿ ಅವನು ಅದೊಂದನ್ನು ಮರೆತ.

ಮರುದಿನ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ನನ್ನ ಮನೆಯಲ್ಲೇ ಕೂತು ಕಾಗದ ಬರೆದೆವು. ಶಾಖೆಗೆ ಕೊಟ್ಟದ್ದು ಇಂಗ್ಲಿಷಿನಲ್ಲಿ, ಅದರ ಮುಖ್ಯ ಭಾಗ ಕನ್ನಡದಲ್ಲಿ ಹೀಗೆ:

‘ಶಾಖಾ ವ್ಯವಸ್ಥಾಪಕರಿಗೆ. ವಿಷಯ: ನಾನು ಒಪ್ಪಿಗೆ ಕೊಡದ ಮೂರು ಆನ್‌ಲೈನ್ ವಹಿವಾಟುಗಳ ವರದಿ. 12-7-2024ರ ರಾತ್ರಿ ನನ್ನ ಉಳಿತಾಯ ಖಾತೆಯಿಂದ ಡೆಬಿಟ್ ಕಾರ್ಡಿನ ಮೂಲಕ 9:42ಕ್ಕೆ ರೂ. 24,999, 9:51ಕ್ಕೆ ರೂ. 49,500, 10:48ಕ್ಕೆ ರೂ. 18,000 ಹೋಗಿದೆ. ಒಟ್ಟು ರೂ. 92,499. ಮೂರರ ಉಲ್ಲೇಖ ಸಂಖ್ಯೆಗಳು ಕೆಳಗಿವೆ. ಅದಕ್ಕೆ ಮೊದಲು 9:30ರ ಸುಮಾರಿಗೆ ವಾಟ್ಸಾಪಿನಲ್ಲಿ ಬಂದ ಲಿಂಕನ್ನು ಒತ್ತಿ ಒಂದು ಆ್ಯಪ್ ಹಾಕಿಕೊಂಡಿದ್ದೆ, 12 ರೂಪಾಯಿ ಕಟ್ಟಲೆಂದು ಕಾರ್ಡಿನ ವಿವರ ತುಂಬಿದ್ದೆ. ಈ ಮೂರು ವಹಿವಾಟುಗಳ ಒಟಿಪಿಯನ್ನು ನಾನು ಎಲ್ಲಿಯೂ ತುಂಬಿಲ್ಲ, ಯಾರಿಗೂ ಹೇಳಿಲ್ಲ. ರಾತ್ರಿ 10:21ಕ್ಕೆ ನಿಮ್ಮ ಗ್ರಾಹಕ ಸೇವೆಗೆ ವರದಿ ಮಾಡಿ ಕಾರ್ಡ್ ನಿಲ್ಲಿಸಲು ಕೇಳಿದ್ದೇನೆ, ದೂರಿನ ಸಂಖ್ಯೆ ಪಡೆದಿದ್ದೇನೆ. ಆನಂತರ 1930ಕ್ಕೂ ದೂರು ಕೊಟ್ಟಿದ್ದೇನೆ. ಮೂರನೆಯ ವಹಿವಾಟು ನಾನು ವರದಿ ಮಾಡಿದ ಮೇಲೆ ನಡೆದಿದೆ. ರಿಸರ್ವ್ ಬ್ಯಾಂಕಿನ 6-7-2017ರ ಸುತ್ತೋಲೆಯಂತೆ ಮೊತ್ತವನ್ನು ಖಾತೆಗೆ ಜಮೆ ಮಾಡಬೇಕೆಂದು, ವಿಚಾರಣೆಯ ಫಲವನ್ನು ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇನೆ.’

ಇಷ್ಟೇ. ಒಂದು ಪುಟ ದಾಟಬಾರದು ಎಂಬುದು ನನ್ನ ಹಟ.

ಕಾರ್ಡಿನ ವಿವರ ತುಂಬಿದ್ದೆ ಎಂಬ ಸಾಲಿಗೆ ದೊಡ್ಡ ಚರ್ಚೆಯೇ ಆಯಿತು. “ಅದನ್ನು ಯಾಕೆ ಬರೀತೀರಿ ಮಾಮ, ಏನೂ ಒತ್ತಲಿಲ್ಲ ಅಂತ ಬರೆದ್ರೆ ಸಾಕು” ಎಂದ. ಅವನ ಲೆಕ್ಕ ತಪ್ಪಲ್ಲ. ಸುತ್ತೋಲೆಯ ಪ್ರಕಾರ, ಗ್ರಾಹಕ ತನ್ನ ಪಾವತಿಯ ಗುಟ್ಟಿನ ವಿವರಗಳನ್ನು ಬಿಟ್ಟುಕೊಟ್ಟಂಥ ಅಜಾಗರೂಕತೆಯಿಂದ ನಷ್ಟವಾದರೆ, ವರದಿ ಮಾಡುವ ತನಕದ ನಷ್ಟ ಪೂರ್ತಿ ಅವನದೇ. ವರದಿಯಾದ ಮೇಲಿನ ನಷ್ಟ ಬ್ಯಾಂಕಿನದು. ಅಂದರೆ ಆ ಸಾಲು ಬರೆದರೆ ಮೊದಲ ಎರಡು ಮೊತ್ತಗಳು ಕೈಬಿಡುವ ಸಂಭವ ಹೆಚ್ಚು.

ಆದರೂ ಬರೆಸಿದೆ. ಕಾರ್ಡಿನ ನಂಬರು, ಅವಧಿ, ಸಿವಿವಿ ಮೂರೂ ಸರಿಯಾಗಿ ಬಿದ್ದು ವಹಿವಾಟು ನಡೆದದ್ದು ಬ್ಯಾಂಕಿನ ದಾಖಲೆಯಲ್ಲಿರುತ್ತದೆ. 1930ಕ್ಕೆ ಫೋನ್ ಮಾಡಿದಾಗ ಅವನೇ ಆ್ಯಪ್ಪಿನ ಕಥೆಯನ್ನೆಲ್ಲ ಹೇಳಿಯೂ ಇದ್ದ. ಕಾಗದದಲ್ಲಿ ಒಂದು ಸಾಲು ಸುಳ್ಳೆಂದು ಕಂಡರೆ ಉಳಿದ ಸಾಲುಗಳನ್ನು ಯಾರೂ ನಂಬುವುದಿಲ್ಲ, ಆಗ 10:21ರ ಸಾಲೂ ಮುಳುಗುತ್ತದೆ. ನಾನು ಕೌಂಟರಿನ ಒಳಗಿದ್ದಾಗ ಹಾಗೆ ಮುಳುಗಿದ್ದನ್ನು ನೋಡಿದ್ದೇನೆ. ‘ಹ್ಯಾಕ್’ ಎಂಬ ಮಾತನ್ನೂ ತೆಗೆಸಿದೆ, ಅದರಿಂದ ಏನಾಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಏನು ತುಂಬಿದೆ, ಏನು ತುಂಬಲಿಲ್ಲ ಎಂದು ಬಿಡಿಸಿ ಹೇಳಿದರೆ ಮಾತ್ರ ಒಟಿಪಿ ಹೇಗೆ ಹೊರಹೋಯಿತು ಎಂಬ ಪ್ರಶ್ನೆ ಬ್ಯಾಂಕಿನ ಮುಂದೆ ನಿಲ್ಲುತ್ತದೆ. ಗ್ರಾಹಕನದೇ ಹೊಣೆ ಎಂದು ಸಾಬೀತುಪಡಿಸುವ ಭಾರ ಬ್ಯಾಂಕಿನದು ಎಂದು ಅದೇ ಸುತ್ತೋಲೆ ಹೇಳುತ್ತದೆ.

ಏನೂ ತುಂಬದೆ, ಯಾರಿಗೂ ಏನೂ ಹೇಳದೆ ಹಣ ಹೋದವರ ಪಾಡು ಬೇರೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ನಡುವೆ ಎಲ್ಲಿಯೋ ಸೋರಿದೆ ಎಂದಾದರೆ ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ವರದಿ ಮಾಡಿದವರಿಗೆ ಪೂರ್ತಿ ಹಣ ಬರಬೇಕು. ನಾಲ್ಕರಿಂದ ಏಳನೆಯ ದಿನದೊಳಗಾದರೆ ಸಾಮಾನ್ಯ ಉಳಿತಾಯ ಖಾತೆಯವರು ಹೆಚ್ಚೆಂದರೆ 10,000 ರೂಪಾಯಿ ಕಳೆದುಕೊಳ್ಳುತ್ತಾರೆ. ಸಂದೇಶ ಬಂದ ದಿನವನ್ನು ಎಣಿಸುವ ಹಾಗಿಲ್ಲ. ಆ ಜುಲೈಯಲ್ಲಿ ಶನಿವಾರ, ಭಾನುವಾರ ರಜೆ, 17ರ ಬುಧವಾರ ಮೊಹರಂ ರಜೆ. ಹಾಗಾಗಿ ಮೂರನೆಯ ಕೆಲಸದ ದಿನವೆಂದರೆ 18ರ ಗುರುವಾರ. ಈ ಲೆಕ್ಕ ಕೇಳಿದವರು ‘ಹಾಗಾದರೆ ಸಮಯ ಇದೆ’ ಅನ್ನುತ್ತಾರೆ. ಕಾಗದಕ್ಕೆ ಸಮಯ ಇದೆ ನಿಜ, ಹಣಕ್ಕೆ ಇಲ್ಲ. 1930 ನಂಬರಿನ ಹಿಂದೆ 2021ರಿಂದ ಇರುವ ವ್ಯವಸ್ಥೆಯಲ್ಲಿ, ಹಣ ಹೋಗಿ ಸೇರಿದ ಬ್ಯಾಂಕಿಗೋ ವ್ಯಾಲೆಟ್ ಕಂಪನಿಗೋ ಸುದ್ದಿ ಹೋಗುತ್ತದೆ, ಅಲ್ಲಿ ಹಣ ಇನ್ನೂ ಇದ್ದರೆ ತಡೆಹಿಡಿಯುತ್ತಾರೆ. ಕಳ್ಳರು ಅದನ್ನು ಒಂದು ಖಾತೆಯಿಂದ ಮತ್ತೊಂದಕ್ಕೆ ಹಾರಿಸುತ್ತಲೇ ಇರುತ್ತಾರೆ, ಕೊನೆಗೆ ಯಾವುದೋ ಎಟಿಎಮ್ಮಿನಲ್ಲಿ ನೋಟಾಗಿ ಹೊರಬಂದರೆ ಮುಗಿಯಿತು.

ಸೋಮವಾರ ಎರಡು ಪ್ರತಿ ಹಿಡಿದು ಶಾಖೆಗೆ ಹೋದೆವು. ಜೊತೆಗೆ cybercrime.gov.in ತಾಣದಲ್ಲಿ ದಾಖಲಾದ ದೂರಿನ ಪ್ರತಿ, ಸಂದೇಶಗಳ ಸ್ಕ್ರೀನ್‌ಶಾಟ್, ಪಾಸ್‌ಬುಕ್ಕಿನ ಪುಟ. ಮೊಬೈಲನ್ನು ಆತ ಇನ್ನೂ ಫಾರ್ಮ್ಯಾಟ್ ಮಾಡಿರಲಿಲ್ಲ, ಪೊಲೀಸರು ಆ್ಯಪ್ಪಿನ ಹೆಸರು ಕೇಳಿದರೆ ತೋರಿಸಲು ಬೇಕು. ಕೌಂಟರಿನ ಹುಡುಗಿ ಕಾಗದ ತೆಗೆದುಕೊಂಡು “ಇಟ್ಟು ಹೋಗಿ, ಸರ್‌ಗೆ ಕೊಡ್ತೇನೆ” ಎಂದು ಹಿಂದಿಯಲ್ಲಿ ಹೇಳಿದಳು. ಎರಡನೇ ಪ್ರತಿಯ ಮೇಲೆ ಶಾಖೆಯ ಸೀಲು, ದಿನಾಂಕ, ಸಹಿ ಬೀಳುವ ತನಕ ನಾವು ಕದಲಲಿಲ್ಲ. ಇನ್‌ವರ್ಡ್ ಆಗದ ಕಾಗದ ಕೊಟ್ಟೂ ಕೊಡದ ಹಾಗೆಯೇ.

ಹತ್ತು ಕೆಲಸದ ದಿನಗಳೊಳಗೆ 92,499 ರೂಪಾಯಿಯೂ ಖಾತೆಯಲ್ಲಿ ಕಾಣಿಸಿತು. ಕ್ಯಾಂಟೀನಿನವ ಸಿಹಿ ಹಿಡಿದುಕೊಂಡು ಬಂದ. ಅದು ಶ್ಯಾಡೋ ಕ್ರೆಡಿಟ್. ಬ್ಯಾಂಕು ಹಣವನ್ನು ಹಿಂದಿನ ತಾರೀಖಿಗೇ ಜಮೆ ಮಾಡಿ, ಅದಕ್ಕೆ ತಡೆ ಹಾಕಿಟ್ಟು ವಿಚಾರಣೆ ನಡೆಸುತ್ತದೆ. ತೀರ್ಮಾನಕ್ಕೆ 90 ದಿನಗಳ ಗಡುವು. ಹೊಣೆ ಗ್ರಾಹಕನದು ಎಂದಾದರೆ ಅದು ವಾಪಸು ಹೋಗುತ್ತದೆ. ಬಂದ ಹಣ ಎಂದು ನಂಬಿ ತರಕಾರಿಯವನಿಗೆ ಚೆಕ್ ಕೊಟ್ಟು ಚೆಕ್ ಬೌನ್ಸ್ ಮಾಡಿಸಿಕೊಂಡವರು ನನಗೆ ಗೊತ್ತು. ಸಿಹಿ ತಿಂದೆ, ಹಣ ಮುಟ್ಟಬೇಡ ಎಂದೆ.

ತೀರ್ಮಾನ ಬಂದಾಗ ಮೂರನೆಯ 18,000 ಅವನ ಪಾಲಿಗೆ ಉಳಿಯಿತು. ಅದರಲ್ಲಿ ಬ್ಯಾಂಕಿಗೆ ವಾದವೇ ಇರಲಿಲ್ಲ. ದೂರಿನ ಸಂಖ್ಯೆ ಕೊಟ್ಟ ಮೇಲೂ ಕಾರ್ಡ್ ನಿಂತಿರಲಿಲ್ಲ ಎಂಬುದು ಅವರ ದಾಖಲೆಯಲ್ಲೇ ಇತ್ತು. ಮೊದಲ ಎರಡನ್ನು ಹಿಂದಕ್ಕೆ ತೆಗೆದುಕೊಂಡರು. ಅದರಲ್ಲಿ 49,500 ಒಂದು ವ್ಯಾಲೆಟ್ಟಿಗೆ ಹೋಗಿತ್ತು. 1930ರ ದೂರಿನಿಂದ ಅಲ್ಲಿ 31,200 ರೂಪಾಯಿ ತಡೆಯಲ್ಲಿ ಉಳಿದಿತ್ತು, ಪೊಲೀಸ್ ಠಾಣೆಯ ವರದಿ ಹಿಡಿದು ಮ್ಯಾಜಿಸ್ಟ್ರೇಟರ ಆದೇಶ ಪಡೆದು ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ದೀಪಾವಳಿ ಕಳೆದಿತ್ತು.

ಉಳಿದದ್ದಕ್ಕೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ರ ಬಳಿ ಹೋದೆವು. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ತಾಣದಲ್ಲಿ ದೂರು ಕೊಡಬಹುದು, ಖರ್ಚಿಲ್ಲ. ನ್ಯಾಯಾಲಯಗಳು ಗ್ರಾಹಕರ ಕಡೆ ನಿಂತದ್ದೂ ಉಂಟು. ಬಾಂಬೆ ಹೈಕೋರ್ಟ್ 2024ರ ಜೂನಿನಲ್ಲಿ ಇದೇ 2017ರ ಸುತ್ತೋಲೆಯನ್ನು ಹಿಡಿದು, ಒಂದು ಕಂಪನಿಯ ಖಾತೆಯಿಂದ ಹೋದ 76 ಲಕ್ಷಕ್ಕೂ ಹೆಚ್ಚು ಹಣವನ್ನು ಬ್ಯಾಂಕ್ ಆಫ್ ಬರೋಡಾ ಬಡ್ಡಿ ಸೇರಿಸಿ ಕೊಡಬೇಕೆಂದಿತ್ತು. ಅಸ್ಸಾಮಿನ ಗ್ರಾಹಕರೊಬ್ಬರು ಕಳೆದುಕೊಂಡ 94,204 ರೂಪಾಯಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಟೇಟ್ ಬ್ಯಾಂಕಿನ ಮೇಲ್ಮನವಿಯನ್ನು ಒಪ್ಪಲಿಲ್ಲ. ಆದರೆ ಆ ಎರಡರಲ್ಲೂ ಗ್ರಾಹಕರ ಅಜಾಗರೂಕತೆ ಸಾಬೀತಾಗಿರಲಿಲ್ಲ. ನಮ್ಮವ ಕಾರ್ಡಿನ ವಿವರ ತಾನಾಗಿ ತುಂಬಿದ್ದ. ದೂರು ತಿರಸ್ಕೃತವಾಯಿತು. ನನಗೆ ಆಶ್ಚರ್ಯವಾಗಲಿಲ್ಲ. ಒಟಿಪಿ ಕೊಡಲಿಲ್ಲ ಎಂಬ ವಾದದಲ್ಲಿ ಹುರುಳಿದೆಯೆಂದು ಮಾತ್ರ ಈಗಲೂ ಅನ್ನುತ್ತೇನೆ.

ಲೆಕ್ಕ ಹಾಕಿದರೆ 49,200 ಬಂತು, 43,299 ಹೋಯಿತು. ಆ ಕಾರ್ಡನ್ನು ಅವನು ಎಟಿಎಮ್ಮಿಗೆ ಬಿಟ್ಟು ಬೇರೆಲ್ಲೂ ಬಳಸುತ್ತಿರಲಿಲ್ಲ. ಹೀಗಿದ್ದೂ ಅದರ ಆನ್‌ಲೈನ್ ಬಳಕೆ ತೆರೆದೇ ಇತ್ತು, ದಿನದ ಮಿತಿ ಒಂದು ಲಕ್ಷ. ಕಾರ್ಡಿನ ಆನ್‌ಲೈನ್ ಬಳಕೆಯನ್ನು ಗ್ರಾಹಕರೇ ಮುಚ್ಚುವ, ಮಿತಿ ಇಳಿಸುವ ಸೌಲಭ್ಯ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ 2020ರಿಂದಲೇ ಇದೆ. ಹೊಸ ಕಾರ್ಡು ಬಂದ ದಿನ ಅವನ ಮೊಬೈಲಿನಲ್ಲಿ ಅದನ್ನು ಮುಚ್ಚಿಸಿದೆ. ಗ್ಯಾಸಿನ ಬಿಲ್ಲಿಗೆ ಬೇರೊಂದು ಖಾತೆ ತೆರೆಸಿದೆ, ಅದರಲ್ಲಿ ಎರಡು ಸಾವಿರಕ್ಕಿಂತ ಹೆಚ್ಚು ಇಡುವುದಿಲ್ಲ.