ಬಾಲ್ಕನಿ ಕೆಳಗಿನ ಜಾಕಿ ತೆಗೆಯುವ ಮುನ್ನ

ಕೆಳಗೆ ಸಂಸಾರ ಇಟ್ಟುಕೊಂಡೇ ಮೇಲೆ ಮನೆ ಎಬ್ಬಿಸುವವರು ನಮ್ಮಲ್ಲಿ ಬಹಳ. ಮಕ್ಕಳು ಆಡುವ ಅಂಗಳದಲ್ಲೇ ಬಾಲ್ಕನಿಯ ಜಾಕಿಗಳು ನಿಂತಿರುತ್ತವೆ. ‘ಇವನ್ನು ಯಾವಾಗ ತೆಗೀತೀರಿ?’ ಎಂದು ಅಪ್ಪ-ಅಮ್ಮ ದಿನಾ ಕೇಳುತ್ತಾರೆ. ಸೈಟ್ ಸೂಪರ್‌ವೈಸರ್ ಆಗಿ ನಾನು ಒಬ್ಬ ಮೇಸ್ತ್ರಿ ಕಂಟ್ರಾಕ್ಟರಿಗೆ ಬರೆದ ಈ ಚೀಟಿ ಅವರಿಗೂ ಉತ್ತರವಾದೀತು. ಮೋಲ್ಡ್ ಹಾಕಿ 10 ದಿನವಾಗಿತ್ತು. ಜಾಕಿಗಳು ಇನ್ನೊಂದು ಸೈಟಿಗೆ ಬೇಕಿದ್ದವು.

ಮೇಸ್ತ್ರಿಗಳೇ, ಸ್ಲ್ಯಾಬಿಗೆ 7 ದಿನ ಸಾಕು ಎಂದಿರಿ. ಐಎಸ್ 456ರಲ್ಲಿರುವ ಆ ಲೆಕ್ಕ ಓಪಿಸಿ ಸಿಮೆಂಟಿನದು, ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬಿನದು. ನಾವು ಹಾಕಿದ್ದು ಪಿಪಿಸಿ. ಮೊದಲ ವಾರಗಳಲ್ಲಿ ಅದು ನಿಧಾನವಾಗಿ ಬಲಿಯುತ್ತದೆ. ಬಾಲ್ಕನಿಯ ಮಾತು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲವೇ ಇಲ್ಲ.

ರೂಮಿನ ಸ್ಲ್ಯಾಬಿಗೆ ಸುತ್ತ ಗೋಡೆಯಿದೆ. ಅದು ಸೋತರೂ ಮೊದಲು ಜಗ್ಗುತ್ತದೆ, ಬಿರುಕು ಬಿಟ್ಟು ತೋರಿಸುತ್ತದೆ. ಬಾಲ್ಕನಿಗೆ ಆಸರೆ ಗೋಡೆಯ ಒಂದೇ ಅಂಚು. ತೂಕವೆಲ್ಲ ಅಲ್ಲಿ ಮೇಲ್ಮೈಯನ್ನು ಎಳೆಯುತ್ತದೆ. ಅದಕ್ಕೇ ಕಂಬಿ ಮೇಲುಗಡೆ ಕಟ್ಟಿದ್ದು. ಎಳೆಯ ಕಾಂಕ್ರೀಟ್ ಆ ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿದಿರುವುದಿಲ್ಲ. ಈಗ ಆಸರೆ ತೆಗೆದರೆ ಗೋಡೆಗುಂಟ ಮೇಲೆ ಕೂದಲೆಳೆಯಷ್ಟು ಸೀಳು ಮೂಡಿ ತುದಿ ಇಳಿಯಬಹುದು. ಆಮೇಲೆ ಜಾಕಿ ಮತ್ತೆ ಕೊಟ್ಟರೆ ಸೀಳು ಕೂಡಿಕೊಳ್ಳುವುದಿಲ್ಲ. ಬಿಗಿದು ಮೇಲಕ್ಕೆತ್ತಿದರಂತೂ ಕೆಳಮೈ ಸೀಳುತ್ತದೆ, ಅಲ್ಲಿ ಮುಖ್ಯ ಕಂಬಿಯೇ ಇಲ್ಲವಲ್ಲ.

ನಮ್ಮದು 4 ಅಡಿ ಚಾಚು, 5 ಇಂಚು ದಪ್ಪ. ಒಂದಡಿ ಉದ್ದಕ್ಕೆ ಸುಮಾರು 118 ಕೆಜಿ. ಆ ಭಾರ ಗೋಡೆಯಿಂದ ಸರಾಸರಿ 2 ಅಡಿ ದೂರದಲ್ಲಿದೆ. ತುದಿಯಲ್ಲಿ 3 ಅಡಿ ಎತ್ತರ, 4 ಇಂಚಿನ ಪ್ಯಾರಾಪೆಟ್ ಕಟ್ಟಿದರೆ 60 ಕೆಜಿ ಅಷ್ಟೆ. ಆದರೆ ಅದು ಕೂರುವುದು ಹೆಚ್ಚುಕಡಿಮೆ 4 ಅಡಿ ಆಚೆ. ಭಾರವನ್ನು ದೂರದಿಂದ ಗುಣಿಸಿ ನೋಡಿ: ಆ ಸಣ್ಣ ಗೋಡೆಯೊಂದೇ ಇಡೀ ಸ್ಲ್ಯಾಬಿನಷ್ಟು ಜಗ್ಗುತ್ತದೆ. ಇಟ್ಟಿಗೆ ರಾಶಿ ಹಾಕುವುದೂ ಹಾಗೇ.

ಆದ್ದರಿಂದ 28ನೇ ದಿನದವರೆಗೆ ಒಂದು ಜಾಕಿಯನ್ನೂ ಮುಟ್ಟಬೇಡಿ. ನಮ್ಮ ಎಂ20ಗೆ ಹೇಳಿದ ಬಲ ಆ ದಿನದ ಲೆಕ್ಕದ್ದು. ಪ್ಯಾರಾಪೆಟ್ ಅದಾದ ಮೇಲೆ. ಬಿಚ್ಚುವಾಗ ತುದಿಯ ಸಾಲು ಮೊದಲು, ಗೋಡೆಯ ಬದಿಯದು ಕೊನೆಗೆ. ಗೋಡೆಯ ಕಡೆಯಿಂದ ಶುರುಮಾಡಿದರೆ ತುದಿಯ ಜಾಕಿಯ ಮೇಲೆ ಸ್ಲ್ಯಾಬ್ ತೊಲೆಯಂತೆ ಬಾಗಿ, ಕಂಬಿಯಿಲ್ಲದ ಕೆಳಮೈಗೆ ಎಳೆತ ಬೀಳುತ್ತದೆ.

ಚೀಟಿ ಇಷ್ಟೇ. ಪೋಷಕರಿಗೆ ಇನ್ನೆರಡು ಮಾತು. ಜಾಕಿಯ ನಡುವಿನ ತಿರುಗಿಸುವ ಹಿಡಿ ಕೈಗೆಟುಕಿದರೆ ಮಕ್ಕಳು ತಿರುಗಿಸದೆ ಬಿಡುವುದಿಲ್ಲ. ಸುತ್ತ ಹಗ್ಗ ಕಟ್ಟಿಸಿ, ಆಟ ಬೇರೆಡೆಗೆ ಸಾಗಲಿ. ಕ್ಯೂರಿಂಗ್ ನೀರು ಹರಿದು ಜಾಕಿಯ ಬುಡದ ಮಣ್ಣು ಮೆತ್ತಗಾಗುವುದುಂಟು. ಬುಡಕ್ಕೆ ಹಲಗೆ ಇದೆಯೇ, ತಲೆ ಸ್ಲ್ಯಾಬಿಗೆ ತಾಗಿದೆಯೇ ಎಂದು ಬೆಳಿಗ್ಗೆ ಒಮ್ಮೆ ನೋಡಿ. ಸಡಿಲವಿದ್ದರೆ ನೀವೇ ಬಿಗಿಯಬೇಡಿ, ಸೂಪರ್‌ವೈಸರ್‌ಗೆ ಹೇಳಿ.