ವಾಕರ್, ಕಿವಿ ಯಂತ್ರಕ್ಕೆ ವಿಮೆ ಹಣ ಬರುತ್ತದೆಯೇ?

ಹಾಲು ಉತ್ಪಾದಕ ಸಹೋದರಿಯರೇ,

ಹಸುವಿನ ವಿಮೆ ಹಸು ಸತ್ತರೆ ಪರಿಹಾರ ಕೊಡುತ್ತದೆ; ಹಗ್ಗ, ಗೂಟಕ್ಕೆ ಕೊಡುವುದಿಲ್ಲ. ಮನುಷ್ಯರ ಆರೋಗ್ಯ ವಿಮೆಯಲ್ಲೂ ಇಂಥದೇ ಒಂದು ಗೆರೆ ಇದೆ.

ತುರುವೇಕೆರೆ ಕಡೆಯ ಒಂದು ಮನೆಯಲ್ಲಿ 66 ವರ್ಷದ ಅತ್ತೆ ಕೊಟ್ಟಿಗೆಯಲ್ಲಿ ಜಾರಿಬಿದ್ದು ತೊಡೆ ಮೂಳೆ ಮುರಿದುಕೊಂಡರು ಎಂದುಕೊಳ್ಳಿ. ಆಪರೇಷನ್ ಮಾಡಿ ಒಳಗೆ ಹಾಕಿದ ರಾಡು, ಸ್ಕ್ರೂ ಚಿಕಿತ್ಸೆಯ ಭಾಗ. ಪಾಲಿಸಿಯ ಮಿತಿಯೊಳಗೆ ಅವಕ್ಕೆ ಸಾಮಾನ್ಯವಾಗಿ ಹಣ ಸಿಗುತ್ತದೆ. ಮನೆಗೆ ಬರುವಾಗ ಕೊಂಡ ವಾಕರ್‌ಗೆ ಸಾಮಾನ್ಯವಾಗಿ ಸಿಗುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಪಟ್ಟಿಯಲ್ಲಿ, ಕಂಪನಿಗಳು ಹಣ ಕೊಡದೆ ಇರಬಹುದಾದ ವಸ್ತುಗಳ ಸಾಲಿನಲ್ಲೇ ನಡೆಯಲು ನೆರವಾಗುವ ಸಾಧನಗಳಿವೆ. ಕಿವಿ ಯಂತ್ರ, ನಿದ್ದೆಯಲ್ಲಿ ಉಸಿರು ಕಟ್ಟುವವರು ಹಾಕಿಕೊಳ್ಳುವ ಯಂತ್ರ, ಇನ್ಸುಲಿನ್ ಪಂಪ್ ಕೂಡ ಮನೆಯಲ್ಲಿ ಬಳಸುವ ಹೊರಗಿನ ಸಾಧನಗಳೇ. ಪಾಲಿಸಿಯಲ್ಲಿ ಹೆಸರು ಹಾಕಿ ಕೊಡುತ್ತೇವೆಂದು ಬರೆದಿದ್ದರೆ ಮಾತ್ರ ಹಣ ಕೇಳಬಹುದು. ಯಶಸ್ವಿನಿ ಕಾರ್ಡ್ ಇದ್ದವರಿಗೂ ಪಟ್ಟಿಯಲ್ಲಿರುವ ಚಿಕಿತ್ಸೆಗೆ, ನೋಂದಾಯಿತ ಆಸ್ಪತ್ರೆಯಲ್ಲಿ ಮಾತ್ರ ಸೌಲಭ್ಯ.

ಹಾಗಾದರೆ ಅತ್ತೆಗೆ ವಾಕರ್ ಎಲ್ಲಿಂದ? 60 ದಾಟಿದ, ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಊರುಗೋಲು, ವಾಕರ್, ಕಿವಿ ಯಂತ್ರ ಉಚಿತ. ಮೊದಲು ಶಿಬಿರದಲ್ಲಿ ತಪಾಸಣೆ ಮಾಡಿ ಹೆಸರು ಬರೆದುಕೊಳ್ಳುತ್ತಾರೆ, ಆಮೇಲೆ ಸಾಧನ ಹಂಚುತ್ತಾರೆ. ಈ ಯೋಜನೆ ಕೊಡುವುದು ಸಾಧನವನ್ನು, ಹಣವನ್ನಲ್ಲ. ಅಂಗಡಿಯಲ್ಲಿ ಕೊಂಡು ಬಿಲ್ ತೋರಿಸಿದರೆ ಪ್ರಯೋಜನವಿಲ್ಲ.

ಆದ್ದರಿಂದ ಡಿಸ್ಚಾರ್ಜ್‌ಗೆ ಮುಂಚೆಯೇ ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ ಯಾವುದಕ್ಕೆ ಹಣ ಬರುವುದಿಲ್ಲ ಎಂದು ಕೇಳಿ ಬರೆಸಿಕೊಳ್ಳಿ. ದುಬಾರಿ ಕಿವಿ ಯಂತ್ರ ಕೊಳ್ಳುವ ಮೊದಲು ಆಧಾರ್, ಬಿಪಿಎಲ್ ಕಾರ್ಡ್ ಹಿಡಿದು ಮುಂದಿನ ಶಿಬಿರ ಯಾವಾಗ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.