ಪರೀಕ್ಷೆಯ ಅಂಜಿಕೆ ಮತ್ತು ಬೋಧನಾ ಮಾಧ್ಯಮ: ಪ್ರಶ್ನಾವಳಿಯಿಂದ ಮಾಡಬಹುದಾದ ಒಂದು ಅಧ್ಯಯನ

ಪದವಿ ತರಗತಿಯಲ್ಲಿ ಮನಶ್ಶಾಸ್ತ್ರವನ್ನು ಅಭ್ಯಸಿಸುವ ವಿದ್ಯಾರ್ಥಿಗೆ ಕಿರುಪ್ರಬಂಧದ ವಿಷಯವನ್ನು ಆರಿಸಿಕೊಳ್ಳುವಾಗ ಮೊದಲು ಹೊಳೆಯುವುದು ರೋಗದ ಹೆಸರೇ. ಖಿನ್ನತೆ, ಭ್ರಮೆ, ವ್ಯಸನ ಮುಂತಾದವುಗಳ ಮೇಲೆ ಬರೆದರೆ ಮಾತ್ರ ಅದು ಮನಶ್ಶಾಸ್ತ್ರವೆನಿಸೀತೆಂಬ ಭಾವನೆ ಬಲವಾಗಿದೆ. ಆದರೆ ರೋಗಿಯನ್ನು ಕಾಣಲು ಆಸ್ಪತ್ರೆಯ ಅನುಮತಿ, ನುರಿತ ವೈದ್ಯರ ಮೇಲ್ವಿಚಾರಣೆ ಮತ್ತು ನೈತಿಕ ಸಮಿತಿಯ ಒಪ್ಪಿಗೆ ಬೇಕು. ಇವಾವುವೂ ಆರು ತಿಂಗಳ ಅವಧಿಯ ವಿದ್ಯಾರ್ಥಿಯ ಕೈಗೆ ಎಟುಕುವಂತಹವಲ್ಲ. ಅವನ ಕೈಗೆ ಎಟುಕುವುದು ತನ್ನಂತೆಯೇ ಆರೋಗ್ಯವಂತರಾದ ಸಹಪಾಠಿಗಳು ಮತ್ತು ಅಚ್ಚು ಹಾಕಿಸಿದ ಎರಡು ಪುಟದ ಪ್ರಶ್ನಾವಳಿ. ಇಷ್ಟರಿಂದಲೇ ಮಾಡಬಹುದಾದ ವಿಷಯಗಳು ಹಲವಿವೆ. ಅವುಗಳಲ್ಲಿ ಶಹಾಪುರ, ಸುರಪುರ ಸೀಮೆಗೆ ಅತ್ಯಂತ ಸಮೀಪವಾದುದೊಂದನ್ನು ಇಲ್ಲಿ ಆದಿಯಿಂದ ಅಂತ್ಯದವರೆಗೆ ನೋಡಬಹುದು.

ವನದುರ್ಗದ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳೋಣ. ಹತ್ತನೆಯ ತರಗತಿಯವರೆಗೂ ಕನ್ನಡದಲ್ಲಿ ಓದಿದ್ದಾನೆ. ವಿಜ್ಞಾನದ ಆಸೆಯಿಂದ ಪಟ್ಟಣದ ಕಾಲೇಜಿಗೆ ಸೇರಿದಾಗ ಪಾಠವೂ ಪ್ರಶ್ನೆಪತ್ರಿಕೆಯೂ ಇಂಗ್ಲಿಷಿನಲ್ಲಿವೆ. ಉತ್ತರ ಗೊತ್ತಿದ್ದರೂ ಪರೀಕ್ಷೆಯ ಕೊಠಡಿಯಲ್ಲಿ ಕೈ ನಡುಗುತ್ತದೆ. ಮನೆಯವರು ಅವನು ಓದಲಿಲ್ಲವೆನ್ನುತ್ತಾರೆ, ಅವನೂ ಹಾಗೆಯೇ ನಂಬುತ್ತಾನೆ. ಅವನ ಅಂಜಿಕೆಗೆ ಓದಿನ ಕೊರತೆ ಕಾರಣವೋ, ಭಾಷೆಯ ಬದಲಾವಣೆಯೂ ಅದರಲ್ಲಿ ಪಾಲುಗೊಂಡಿದೆಯೋ? ಈ ಪ್ರಶ್ನೆಗೆ ಊಹೆಯ ಉತ್ತರಗಳು ಬೇಕಾದಷ್ಟಿವೆ. ಅಳೆದ ಉತ್ತರವನ್ನು ಪಡೆಯುವುದು ಪದವಿ ವಿದ್ಯಾರ್ಥಿಗೂ ಸಾಧ್ಯ.

ಪರೀಕ್ಷೆಯ ಅಂಜಿಕೆಯು ಮನಶ್ಶಾಸ್ತ್ರದಲ್ಲಿ ಹಳೆಯ ವಿಷಯವೇ. 1967ರಲ್ಲಿ ಲೀಬರ್ಟ್ ಮತ್ತು ಮಾರಿಸ್ ಎಂಬ ಅಮೆರಿಕದ ಸಂಶೋಧಕರು ಅದನ್ನು ಎರಡಾಗಿ ಬಿಡಿಸಿದರು. ಒಂದು ಚಿಂತೆ, ಎಂದರೆ ‘ನಪಾಸಾದರೆ ಗತಿಯೇನು’ ಎಂಬ ಆಲೋಚನೆ. ಇನ್ನೊಂದು ಉದ್ವೇಗ, ಎಂದರೆ ಎದೆ ಬಡಿತ, ಬೆವರು, ಬಾಯಾರಿಕೆ. ಅಂಕಗಳಿಗೆ ಹೆಚ್ಚು ಹಾನಿ ತರುವುದು ಉದ್ವೇಗವಲ್ಲ, ಚಿಂತೆ ಎಂಬುದು ಅಲ್ಲಿಂದೀಚಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಸ್ಪೀಲ್‌ಬರ್ಗರ್ 1980ರಲ್ಲಿ ಪ್ರಕಟಿಸಿದ ಇಪ್ಪತ್ತು ವಾಕ್ಯಗಳ ಮಾಪನವೂ ಈ ವಿಂಗಡಣೆಯನ್ನೇ ಅನುಸರಿಸುತ್ತದೆ. ಅದಕ್ಕೆ ಪ್ರಕಾಶಕರ ಹಕ್ಕು ಇರುವುದರಿಂದ ಅನುಮತಿಯಿಲ್ಲದೆ ಅನುವಾದಿಸಿ ಹಂಚುವಂತಿಲ್ಲ. ವಿದ್ಯಾರ್ಥಿಯು ಈ ವಿಂಗಡಣೆಯನ್ನು ಉಳಿಸಿಕೊಂಡು ಹನ್ನೆರಡು ವಾಕ್ಯಗಳನ್ನು ತಾನೇ ಕನ್ನಡದಲ್ಲಿ ರಚಿಸುವುದು ಮೇಲು: ಚಿಂತೆಗೆ ಆರು, ಉದ್ವೇಗಕ್ಕೆ ಆರು.

ಕನ್ನಡದಲ್ಲಿ ಇಂತಹ ಕೆಲಸ ಹೊಸದೇನೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಎಂ. ವಿ. ಗೋಪಾಲಸ್ವಾಮಿಯವರಿಂದ ಮನಶ್ಶಾಸ್ತ್ರದ ವಿಭಾಗ ಆರಂಭವಾಯಿತು. 1930ರ ದಶಕದಲ್ಲಿ ವಿ. ವಿ. ಕಾಮತರು ಫ್ರಾನ್ಸಿನ ಬಿನೆ ರೂಪಿಸಿದ ಬುದ್ಧಿಪರೀಕ್ಷೆಯನ್ನು ಕನ್ನಡ ಹಾಗೂ ಮರಾಠಿ ಮಕ್ಕಳಿಗೆ ಹೊಂದಿಸಿದರು. ಪರಭಾಷೆಯ ಮಾಪನವನ್ನು ಪದಕ್ಕೆ ಪದವಿಟ್ಟು ತಂದರೆ ಸಾಲದು, ಇಲ್ಲಿನ ಮಕ್ಕಳಿಗೆ ಸಲ್ಲುವಂತೆ ಮಾರ್ಪಡಿಸಿ ಅವರ ಮೇಲೆಯೇ ಪರೀಕ್ಷಿಸಿ ನೋಡಬೇಕೆಂಬ ತಿಳಿವು ಅಂದಿನದೇ.

ಕಷ್ಟವೆಲ್ಲ ವಾಕ್ಯರಚನೆಯಲ್ಲಿದೆ. ಪಠ್ಯಪುಸ್ತಕದ ‘ಆತಂಕ’ ಎಂಬ ಪದವನ್ನು ಯಾದಗಿರಿ ಸೀಮೆಯ ವಿದ್ಯಾರ್ಥಿ ಓದಬಲ್ಲ, ಆದರೆ ತನ್ನ ಅನುಭವಕ್ಕೆ ಆ ಹೆಸರನ್ನು ಅವನು ಇಡುವುದಿಲ್ಲ. ಅವನ ಮನೆಯ ಮಾತಿನಲ್ಲಿ ಅದು ‘ಅಂಜಿಕಿ’, ಅದರ ಮಗ್ಗುಲಿನದು ‘ಚಿಂತಿ’. ಉರ್ದುವಿನ ನೆರೆಯಿಂದ ಬಂದ ‘ಫಿಕೀರು’ ಸಹ ಬಳಕೆಯಲ್ಲಿದೆ. ಪ್ರಶ್ನಾವಳಿಯನ್ನು ಗ್ರಂಥಸ್ಥ ಕನ್ನಡದಲ್ಲಿ ಬರೆದರೂ ಪದಗಳು ಇಂತಹ ಬಳಕೆಗೆ ಹತ್ತಿರವಾಗಿರಬೇಕು. ಬರೆದಾದ ಮೇಲೆ ಏಳೆಂಟು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕುಳ್ಳಿರಿಸಿ, ಪ್ರತಿಯೊಂದು ವಾಕ್ಯವನ್ನು ಓದಿಸಿ, ‘ಇದರಿಂದ ನಿನಗೇನು ತಿಳಿಯಿತು, ನಿನ್ನ ಮಾತಿನಲ್ಲಿ ಹೇಳು’ ಎಂದು ಕೇಳಬೇಕು. ಒಂದು ವಾಕ್ಯಕ್ಕೆ ಇಬ್ಬರು ಎರಡು ಅರ್ಥ ಹೇಳಿದರೆ ಆ ವಾಕ್ಯವನ್ನು ತಿದ್ದಬೇಕು. ಈ ಒಂದು ಮಧ್ಯಾಹ್ನದ ಕೆಲಸವನ್ನು ಬಿಟ್ಟವರು ಮುಂದೆ ಒಂದು ತಿಂಗಳ ಶ್ರಮವನ್ನು ಕಳೆದುಕೊಳ್ಳುತ್ತಾರೆ.

ಉತ್ತರಗಳಿಗೆ ನಾಲ್ಕು ಮನೆಗಳು ಸಾಕು: ಎಂದೂ ಇಲ್ಲ, ಆಗೊಮ್ಮೆ ಈಗೊಮ್ಮೆ, ಬಹಳ ಸಲ, ಯಾವಾಗಲೂ. ಇವುಗಳಿಗೆ ಕ್ರಮವಾಗಿ 1, 2, 3, 4 ಅಂಕಗಳು. ಉತ್ತರಗಳಿಗೆ ಹೀಗೆ ಶ್ರೇಣಿಯಲ್ಲಿ ಅಂಕ ಕೊಟ್ಟು ಕೂಡಿಸುವ ಪದ್ಧತಿಯನ್ನು 1932ರಲ್ಲಿ ರೆನ್ಸಿಸ್ ಲೈಕರ್ಟ್ ರೂಢಿಗೆ ತಂದನು. ಕೇಳಿದ್ದಕ್ಕೆಲ್ಲ ಹೌದೆನ್ನುವ ಸ್ವಭಾವ ಎಲ್ಲೆಡೆಯೂ ಉಂಟು. ಹಿರಿಯರು ಕೊಟ್ಟ ಕಾಗದಕ್ಕೆ ಎದುರಾಡಬಾರದೆಂಬ ಸಂಸ್ಕಾರವಿರುವಲ್ಲಿ ಇನ್ನಷ್ಟು ಉಂಟು. ಅದನ್ನು ಗುರುತಿಸಲು ಹನ್ನೆರಡರಲ್ಲಿ ಎರಡು ವಾಕ್ಯಗಳನ್ನು ವಿರುದ್ಧ ದಿಕ್ಕಿನಲ್ಲಿ ಇಡುವುದು ವಾಡಿಕೆ. ಇಲ್ಲಿ ಕನ್ನಡದ ಒಂದು ವಿಶೇಷ ತೊಡಕಿದೆ. ‘ಪರೀಕ್ಷೆಯಲ್ಲಿ ನನಗೆ ಅಂಜಿಕೆಯಾಗುವುದಿಲ್ಲ’ ಎಂದು ಬರೆದು ಮುಂದೆ ‘ಎಂದೂ ಇಲ್ಲ’ ಎಂಬ ಮನೆಯನ್ನಿಟ್ಟರೆ, ಗುರುತು ಹಾಕಿದವನು ಅಂಜುವವನೋ ಅಂಜದವನೋ ಅವನಿಗೇ ತಿಳಿಯದು. ಎರಡು ‘ಇಲ್ಲ’ಗಳು ಎದುರಾಗದಂತೆ, ‘ಪ್ರಶ್ನೆಪತ್ರಿಕೆ ಕೈಗೆ ಬಂದಾಗ ನನ್ನ ಮನಸ್ಸು ಶಾಂತವಾಗಿರುತ್ತದೆ’ ಎಂದು ಬರೆಯುವುದು ಸರಿಯಾದ ದಾರಿ.

ವಿರುದ್ಧ ವಾಕ್ಯದ ಅಂಕವನ್ನು ಕೂಡಿಸುವ ಮೊದಲು ತಿರುಗಿಸಬೇಕು, ಎಂದರೆ 5ರಿಂದ ಕಳೆಯಬೇಕು. ಒಬ್ಬ ವಿದ್ಯಾರ್ಥಿಯ ಹತ್ತು ನೇರ ವಾಕ್ಯಗಳ ಮೊತ್ತ 25 ಆಗಿದೆಯೆಂದು ಭಾವಿಸೋಣ. ಎರಡು ವಿರುದ್ಧ ವಾಕ್ಯಗಳಿಗೆ ಅವನು 1 ಮತ್ತು 2ರ ಮನೆಗಳಲ್ಲಿ ಗುರುತು ಹಾಕಿದ್ದಾನೆ. ತಿರುಗಿಸಿದರೆ ಅವು 4 ಮತ್ತು 3, ಒಟ್ಟು 32. ತಿರುಗಿಸಲು ಮರೆತರೆ 28. ಬಹಳ ಅಂಜುವ ಹುಡುಗನೊಬ್ಬ ಈ ಮರೆವಿನಿಂದ ಸಾಮಾನ್ಯನಂತೆ ಕಾಣುತ್ತಾನೆ. ಎಲ್ಲ ಹನ್ನೆರಡು ವಾಕ್ಯಗಳಿಗೂ ಒಂದೇ ಮನೆಯಲ್ಲಿ ಸಾಲಾಗಿ ಗುರುತು ಹಾಕಿದ ಕಾಗದವು ಓದದೆ ತುಂಬಿದ್ದೆಂಬ ಸಂಶಯಕ್ಕೆ ಒಳಗಾಗಬೇಕು. ಅಂತಹವನ್ನು ಬೇರೆ ತೆಗೆದಿಟ್ಟು, ಎಷ್ಟು ಕಾಗದಗಳನ್ನು ಬಿಡಲಾಯಿತೆಂಬುದನ್ನು ಪ್ರಬಂಧದಲ್ಲಿ ನಮೂದಿಸಬೇಕು.

ಹನ್ನೆರಡು ವಾಕ್ಯಗಳೂ ಒಂದೇ ಸಂಗತಿಯನ್ನು ಅಳೆಯುತ್ತಿವೆಯೇ ಎಂಬುದಕ್ಕೆ 1951ರಲ್ಲಿ ಕ್ರಾನ್‌ಬಾಕ್ ವಿವರಿಸಿದ ಆಲ್ಫಾ ಎಂಬ ಗಣನೆಯಿದೆ. ಅದು 0.70ಕ್ಕೆ ಮೇಲಿದ್ದರೆ ಇಂತಹ ಅಧ್ಯಯನಕ್ಕೆ ಸಾಕೆಂದು ರೂಢಿಯಲ್ಲಿ ಒಪ್ಪುತ್ತಾರೆ. ಅದು ತೀರ ಕಡಿಮೆ ಬಂದಾಗ ಎದೆಗುಂದುವ ಬದಲು ಪ್ರತಿಯೊಂದು ವಾಕ್ಯವು ಉಳಿದ ಹನ್ನೊಂದರ ಮೊತ್ತದೊಡನೆ ಹೇಗೆ ನಡೆಯುತ್ತದೆಂದು ನೋಡಬೇಕು. ಒಂದು ವಾಕ್ಯವು ಎದುರು ದಿಕ್ಕಿಗೆ ನಡೆಯುತ್ತಿದ್ದರೆ ಬಹುಪಾಲು ಅದು ತಿರುಗಿಸಲು ಮರೆತ ವಾಕ್ಯವಾಗಿರುತ್ತದೆ. ಅಲ್ಲವಾದರೆ ಓದುಗರು ತಪ್ಪಾಗಿ ಗ್ರಹಿಸಿದ ವಾಕ್ಯ.

ಇನ್ನು ಭಾಷೆಯ ಭಾಗ. ‘ನಿನಗೆ ಇಂಗ್ಲಿಷ್ ಬರುತ್ತದೆಯೇ’ ಎಂಬ ಪ್ರಶ್ನೆಗೆ ನಾಚಿಕೆಯೇ ಉತ್ತರ ಹೇಳುತ್ತದೆ. ಹತ್ತನೆಯ ತರಗತಿಯವರೆಗಿನ ಮಾಧ್ಯಮ ಯಾವುದು, ಈಗ ಪರೀಕ್ಷೆ ಬರೆಯುವ ಭಾಷೆ ಯಾವುದು ಎಂದು ಸಂಗತಿಯನ್ನೇ ಕೇಳುವುದು ಒಳ್ಳೆಯದು. ಈಗ ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುತ್ತಿರುವವರಲ್ಲಿ ಕನ್ನಡ ಮಾಧ್ಯಮದಿಂದ ಬಂದವರು, ಮೊದಲಿನಿಂದಲೂ ಇಂಗ್ಲಿಷಿನಲ್ಲಿ ಓದಿದವರು ಎಂದು ಎರಡು ಗುಂಪುಗಳಾಗುತ್ತವೆ. ಗುಂಪುಗಳ ನಡುವಣ ಮಧ್ಯಮ ಪ್ರಮಾಣದ ವ್ಯತ್ಯಾಸವನ್ನು ಹಿಡಿಯಲು ಒಂದೊಂದು ಗುಂಪಿನಲ್ಲಿ ಸುಮಾರು 64 ಜನ ಬೇಕೆಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಇಪ್ಪತ್ತು ಇಪ್ಪತ್ತು ಜನರನ್ನು ಕೇಳಿ ‘ವ್ಯತ್ಯಾಸವಿಲ್ಲ’ ಎಂದು ಬರೆಯುವುದು, ಸಣ್ಣ ಬಲೆಯಲ್ಲಿ ಮೀನು ಸಿಗಲಿಲ್ಲವೆಂದು ಕೃಷ್ಣೆಯಲ್ಲಿ ಮೀನೇ ಇಲ್ಲವೆಂದಂತೆ.

ಅತ್ಯಂತ ದೊಡ್ಡ ಬಲೆಗೆ ಬೀಳುವುದು ಇದರ ನಂತರ. ಕನ್ನಡ ಮಾಧ್ಯಮದ ಗುಂಪಿನ ಅಂಕ ಹೆಚ್ಚು ಬಂದಿತೆನ್ನೋಣ. ಅದಕ್ಕೆ ಭಾಷೆಯೇ ಕಾರಣವೆನ್ನಬಹುದೇ? ಆ ಗುಂಪಿನಲ್ಲಿಯೇ ಹಳ್ಳಿಯಿಂದ ಬಂದವರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು, ತಂದೆತಾಯಿ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿರುವವರು ಹೆಚ್ಚಾಗಿರಬಹುದು. ಅಂಜಿಕೆ ಅಲ್ಲಿಂದಲೂ ಬಂದಿರಬಹುದು. ಆದುದರಿಂದ ಮನೆಯ ಸ್ಥಿತಿಯನ್ನೂ ಕೇಳಬೇಕಾಗುತ್ತದೆ. ಶಿಕ್ಷಣ, ಉದ್ಯೋಗ, ವರಮಾನಗಳಿಂದ ಸ್ಥಾನವನ್ನು ಗುರುತಿಸುವ ಕುಪ್ಪುಸ್ವಾಮಿಯವರ ಮಾಪನ ಪ್ರಸಿದ್ಧವಾದುದೇ. ಆದರೆ ಅದು ನಗರದ ಕುಟುಂಬಗಳಿಗಾಗಿ ರಚಿತವಾದುದು. ಒಕ್ಕಲುತನದ ಮನೆಯ ಹುಡುಗನಿಗೆ ತಿಂಗಳ ವರಮಾನವೆಷ್ಟೆಂದು ಕೇಳಿದರೆ ಅವನು ಏನನ್ನಾದರೂ ಬರೆಯುತ್ತಾನೆ. ಎಷ್ಟು ಎಕರೆ ಎಂದಷ್ಟೇ ಕೇಳಿದರೂ ಸಾಲದು: ಕಾಲುವೆಯ ನೀರುಂಡ ಎರಡೆಕರೆ ಗದ್ದೆಯೂ ಮಳೆಯನ್ನೇ ನಂಬಿದ ಐದೆಕರೆ ತೊಗರಿಯ ಹೊಲವೂ ಒಂದೇ ತಕ್ಕಡಿಗೆ ಬರುವುದಿಲ್ಲ. ನೀರಾವರಿ ಎಷ್ಟು, ಒಣ ಬೇಸಾಯ ಎಷ್ಟು, ಮನೆಯಲ್ಲಿ ಪದವೀಧರರಿದ್ದಾರೆಯೇ, ಕಳೆದ ವರ್ಷ ಯಾರಾದರೂ ದುಡಿಮೆಗಾಗಿ ಊರು ಬಿಟ್ಟಿದ್ದರೇ ಎಂಬ ನಾಲ್ಕು ಪ್ರಶ್ನೆಗಳು ಹೆಚ್ಚು ಹೇಳುತ್ತವೆ. ಬಳಿಕ ಮನೆಯಲ್ಲಿ ಪದವೀಧರರಿಲ್ಲದವರನ್ನು ಮಾತ್ರ ತೆಗೆದುಕೊಂಡು ಎರಡು ಮಾಧ್ಯಮದವರನ್ನು ಮತ್ತೆ ಹೋಲಿಸಬೇಕು. ಆಗಲೂ ವ್ಯತ್ಯಾಸ ಉಳಿದರೆ ಭಾಷೆಯ ಮೇಲಿನ ಸಂಶಯ ಬಲಗೊಳ್ಳುತ್ತದೆ. ಮಾಯವಾದರೆ ಬೇರೆಡೆ ಹುಡುಕಬೇಕು. ಒಂದೇ ದಿನ ತುಂಬಿಸಿದ ಪ್ರಶ್ನಾವಳಿಯು ಇದಕ್ಕಿಂತ ಮುಂದೆ ಹೋಗಿ ಕಾರಣವನ್ನು ಸಿದ್ಧಪಡಿಸಲಾರದು.

ಕಾಗದಗಳನ್ನು ಹಂಚುವ ಬಗೆಯೂ ಫಲವನ್ನು ಬದಲಿಸುತ್ತದೆ. ಎಲ್ಲರಿಗೂ ಪರೀಕ್ಷೆಗೆ ಅಷ್ಟೇ ದಿನಗಳು ಉಳಿದಿರುವಾಗ ಕೊಡಬೇಕು. ಒಂದು ಕಾಲೇಜಿನಲ್ಲಿ ಪರೀಕ್ಷೆಯ ಹಿಂದಿನ ದಿನ, ಇನ್ನೊಂದರಲ್ಲಿ ಫಲಿತಾಂಶದ ಮರುದಿನ ಕೊಟ್ಟರೆ ಅಳೆದದ್ದು ಪಂಚಾಂಗವನ್ನೇ ಹೊರತು ಮನಸ್ಸನ್ನಲ್ಲ. ಪ್ರಸಾದ ನಿಲಯದ ವಿದ್ಯಾರ್ಥಿಗಳನ್ನು ಕೇಳುವಾಗ ಇನ್ನೂ ಎಚ್ಚರ ಬೇಕು. ಅನ್ನ, ವಸತಿ ಕೊಟ್ಟ ಸಂಸ್ಥೆಯ ಗುರುಗಳೇ ಕಾಗದ ಹಂಚಿದರೆ ಆ ಹುಡುಗ ಒಲ್ಲೆನೆನ್ನಲಾರ. ತುಂಬಿದರೂ ಗುರುಗಳಿಗೆ ಒಪ್ಪುವಂತೆ ತುಂಬುತ್ತಾನೆ. ಆದುದರಿಂದ ವಿದ್ಯಾರ್ಥಿಯೇ ಹಂಚಬೇಕು, ಅಧ್ಯಾಪಕರು ಕೊಠಡಿಯ ಹೊರಗಿರಬೇಕು, ಹೆಸರು ಹಾಗೂ ಹಾಜರಿ ಸಂಖ್ಯೆ ಕೇಳಬಾರದು, ಒಲ್ಲದವರು ಖಾಲಿ ಕಾಗದವನ್ನೇ ಮಡಿಚಿ ಪೆಟ್ಟಿಗೆಗೆ ಹಾಕುವಂತಿರಬೇಕು. ಹದಿನೆಂಟು ತುಂಬದ ಪಿಯುಸಿ ಮಕ್ಕಳಿಗೆ ಪೋಷಕರ ಒಪ್ಪಿಗೆಯೂ ಬೇಕಾಗುವುದರಿಂದ ಪದವಿ ತರಗತಿಯವರನ್ನೇ ಆರಿಸಿಕೊಳ್ಳುವುದು ಸುಲಭ.

ಕೆಲವು ಪ್ರಶ್ನೆಗಳನ್ನು ಈ ಕಾಗದದಲ್ಲಿ ಕೇಳಲೇಬಾರದು. ಬದುಕು ಬೇಡವೆನಿಸಿದೆಯೇ ಎಂಬ ಪ್ರಶ್ನೆಗೆ ಹೆಸರಿಲ್ಲದ ಕಾಗದದಲ್ಲಿ ಒಬ್ಬನು ‘ಯಾವಾಗಲೂ’ ಎಂದು ಗುರುತಿಸಿದರೆ ಅವನನ್ನು ಹುಡುಕುವ ದಾರಿಯೇ ಇರುವುದಿಲ್ಲ. ಉತ್ತರ ಬಂದಾಗ ನೆರವಾಗಲು ಶಕ್ತಿಯಿಲ್ಲದವನು ಆ ಪ್ರಶ್ನೆಯನ್ನು ಎತ್ತತಕ್ಕದ್ದಲ್ಲ. ಆರೋಗ್ಯವಂತರ ಅಧ್ಯಯನಕ್ಕೂ ರೋಗಿಗಳ ಅಧ್ಯಯನಕ್ಕೂ ಇರುವ ಗಡಿ ಇದೇ. ಆದರೂ ಕೇಳದೆಯೇ ಯಾರಾದರೂ ಅಂಚಿನಲ್ಲಿ ತಮ್ಮ ಸಂಕಟವನ್ನು ಬರೆದಾರು. ಅದಕ್ಕಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿಯ 14416 ಎಂಬ ಸಂಖ್ಯೆಯನ್ನು ಪ್ರತಿ ಕಾಗದದ ಕೆಳಗೂ ಅಚ್ಚು ಹಾಕಿಸಬೇಕು, ಮತ್ತು ಆ ದಿನ ತಾವು ಯಾವ ಕೊಠಡಿಯಲ್ಲಿ ಸಿಗುವೆವೆಂದು ಮಾರ್ಗದರ್ಶಕ ಅಧ್ಯಾಪಕರು ಕಾಗದ ಹಂಚುವ ಮೊದಲೇ ತರಗತಿಯಲ್ಲಿ ತಿಳಿಸಿ ಹೊರಡಬೇಕು.